ಡಾಕ್ಟರ್ ಓದಿಗೆ ಹೊರಡುವ ಮುನ್ನ: ವರ್ಷದ ಲೆಕ್ಕ, ಸಾಲದ ಲೆಕ್ಕ, ಬಿಟ್ಟುಕೊಡಬಾರದ ದಾರಿಗಳು

ನೀಟ್ ಫಲಿತಾಂಶ ಬಂದ ವಾರದಲ್ಲಿ ಮನೆಗಳಲ್ಲಿ ನಡೆಯುವ ಮಾತು ಬಹುತೇಕ ಒಂದೇ: ಸೀಟು ಸಿಗುತ್ತದೋ ಇಲ್ಲವೋ. ಸಿಕ್ಕ ಸೀಟು ಮುಂದಿನ ಹತ್ತು-ಹನ್ನೆರಡು ವರ್ಷಗಳಲ್ಲಿ ಏನೇನನ್ನು ಕಟ್ಟಿಹಾಕುತ್ತದೆ ಎಂಬ ಮಾತು ಬರುವುದು ತೀರಾ ತಡವಾಗಿ, ಎಂಬಿಬಿಎಸ್ ಮುಗಿದು ಬ್ಯಾಂಕಿನಿಂದ ಕಾಗದ ಬಂದಾಗ. ವೈದ್ಯಕೀಯದಲ್ಲಿ ಮುಂದಿನ ದಾರಿಗಳು ಮುಚ್ಚಿಹೋಗುವುದು ಅಂಕ ಕಡಿಮೆಯಾದಾಗ ಮಾತ್ರವಲ್ಲ. ಸಾಲ ದೊಡ್ಡದಾದಾಗಲೂ, ಒಂದು ಕೊನೆಯ ದಿನಾಂಕ ತಪ್ಪಿದಾಗಲೂ ಮುಚ್ಚಿಹೋಗುತ್ತವೆ. ಈ ಎರಡನ್ನೂ ಮೊದಲೇ ಕಾಗದದ ಮೇಲೆ ಇಳಿಸಬಹುದು. ಕರ್ನಾಟಕದಲ್ಲಿ ಪಿಯುಸಿ ಮುಗಿಸುವ ವಿದ್ಯಾರ್ಥಿಯನ್ನು ಗಮನದಲ್ಲಿಟ್ಟುಕೊಂಡು, ಒಂದು ಕಲ್ಪಿತ ಮನೆಯ ಉದಾಹರಣೆ ಹಿಡಿದು ಇಲ್ಲಿ ಆ ಲೆಕ್ಕ ಮಾಡಿದ್ದೇವೆ.

ಉದಾಹರಣೆ ಹೀಗಿದೆ. ಹಾವೇರಿ ಜಿಲ್ಲೆಯ ಹುಡುಗಿ, 2008ರಲ್ಲಿ ಹುಟ್ಟಿದವಳು. ತಂದೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು, ವಯಸ್ಸು 50. ಅಂದರೆ 60ಕ್ಕೆ, 2036ರಲ್ಲಿ ನಿವೃತ್ತಿ. ತಮ್ಮ ಎಂಟನೇ ತರಗತಿ. ಮನೆಯಲ್ಲಿ ಓದಿಗೆಂದು ಎತ್ತಿಡಬಹುದಾದ ಹಣ ಎಲ್ಲ ಸೇರಿ 20 ಲಕ್ಷ.

ಹೆಜ್ಜೆ 1: ಮೊದಲು ವರ್ಷಗಳನ್ನು ಬರೆಯಿರಿ

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ನಂತರ ನೀಟ್ ಪಿಜಿ ಬರೆದು ಎಂಡಿ ಅಥವಾ ಎಂಎಸ್ ಮೂರು ವರ್ಷ. ಹೃದ್ರೋಗ, ನರರೋಗದಂಥ ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಮತ್ತೆ ಮೂರು ವರ್ಷದ ಡಿಎಂ ಅಥವಾ ಎಂಸಿಎಚ್. ಕೂಡಿದರೆ ಹನ್ನೊಂದೂವರೆ ವರ್ಷ. ನಿಜ ಜೀವನದಲ್ಲಿ ಇಷ್ಟಕ್ಕೆ ಮುಗಿಯುವುದು ಅಪರೂಪ, ಏಕೆಂದರೆ ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಪರೀಕ್ಷೆ, ಕೌನ್ಸೆಲಿಂಗ್, ಕಾಯುವಿಕೆ ಇರುತ್ತದೆ. ಆ ನಡುವಿನ ತಿಂಗಳುಗಳನ್ನೂ ಬರೆದುಕೊಳ್ಳಬೇಕು.

ನಮ್ಮ ಹುಡುಗಿ 2026ರ ಸೆಪ್ಟೆಂಬರಿನಲ್ಲಿ ಸೇರಿದಳೆನ್ನಿ. 2031ರ ಮಾರ್ಚಿಗೆ ಅಂತಿಮ ಪರೀಕ್ಷೆ, 2032ರ ಮಾರ್ಚಿಗೆ ಇಂಟರ್ನ್‌ಶಿಪ್ ಮುಕ್ತಾಯ. ನೀಟ್ ಪಿಜಿ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಅದು ಆಗಸ್ಟಿಗೆ ಬಂದು ನಿಂತಿದೆ. ಕೌನ್ಸೆಲಿಂಗ್ ಮುಗಿದು ತರಗತಿ ಶುರುವಾಗುವ ಹೊತ್ತಿಗೆ 2032ರ ಕೊನೆ. ಮೊದಲ ಪ್ರಯತ್ನದಲ್ಲೇ ಬೇಕಾದ ವಿಭಾಗ ಸಿಕ್ಕರೆ ಎಂಡಿ ಮುಗಿಯುವುದು 2035ರ ಕೊನೆಗೆ, ಆಗ ಅವಳಿಗೆ 27. ಒಂದು ಸಲ ಸಿಗದಿದ್ದರೆ 28. ಸೂಪರ್ ಸ್ಪೆಷಾಲಿಟಿ ಹಿಡಿದರೆ 31-32. ಅವಳ ಜೊತೆ ಪಿಯುಸಿ ಓದಿ ಎಂಜಿನಿಯರಿಂಗ್‌ಗೆ ಹೋದ ಗೆಳತಿ 2030ರಲ್ಲೇ ಸಂಬಳ ತರುತ್ತಾಳೆ.

ಇದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಮನೆಯವರ ವರ್ಷಗಳು. ತಂದೆಯ ನಿವೃತ್ತಿ 2036. ತಮ್ಮನ ಕಾಲೇಜು 2030-31ರ ಸುಮಾರಿಗೆ ಶುರು. ಅಂದರೆ ಅಕ್ಕನ ಎಂಬಿಬಿಎಸ್ ಕೊನೆಯ ವರ್ಷದ ಶುಲ್ಕ ಮತ್ತು ತಮ್ಮನ ಮೊದಲ ವರ್ಷದ ಶುಲ್ಕ ಒಟ್ಟಿಗೆ ಬರುತ್ತವೆ. ಅವಳ ಎಂಡಿ ಮುಗಿಯುವುದಕ್ಕೂ ಮನೆಯ ಸಂಬಳ ಪಿಂಚಣಿಗೆ ಇಳಿಯುವುದಕ್ಕೂ ನಡುವೆ ಹೆಚ್ಚು ಅಂತರವಿಲ್ಲ. ಈ ಎರಡು ಸಾಲನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗಲೇ ಎಷ್ಟು ಸಾಲ ತಡೆದುಕೊಳ್ಳಬಹುದು ಎಂಬುದು ಕಾಣುವುದು. ಎಷ್ಟೋ ಮನೆಗಳಲ್ಲಿ ಶುಲ್ಕ ಕೂಡಿಸುತ್ತಾರೆ, ವರ್ಷಗಳನ್ನು ಕೂಡಿಸುವುದಿಲ್ಲ.

ಹೆಜ್ಜೆ 2: ಸೀಟಿನ ಪೂರ್ತಿ ಬೆಲೆ

ಕರ್ನಾಟಕದಲ್ಲಿ ಒಂದೇ ಎಂಬಿಬಿಎಸ್ ಪದವಿಗೆ ಹಲವು ಬೆಲೆಗಳಿವೆ. ಸರ್ಕಾರಿ ಕಾಲೇಜಿನ ಸೀಟು ವರ್ಷಕ್ಕೆ 60-70 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಅದೇ ಬೆಂಚಿನ ಖಾಸಗಿ ಕೋಟಾ ಸೀಟು 10ರಿಂದ 12 ಲಕ್ಷ. ಎನ್‌ಆರ್‌ಐ ಮತ್ತು ಇತರೆ ಕೋಟಾ ಇನ್ನೂ ಮೇಲೆ. ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಬೇರೆಯೇ ಲೆಕ್ಕ, ಅವುಗಳ ಕೌನ್ಸೆಲಿಂಗ್ ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಮೂಲಕ ನಡೆಯುತ್ತದೆ. ಈ ಮೊತ್ತಗಳು ವರ್ಷವರ್ಷವೂ ಸ್ವಲ್ಪ ಏರುತ್ತವೆ. ನೀವು ನಂಬಬೇಕಾದದ್ದು ಆ ವರ್ಷ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಪ್ರಕಟಿಸುವ ಶುಲ್ಕ ಪಟ್ಟಿಯನ್ನು ಮಾತ್ರ, ಏಜೆಂಟರ ವಾಟ್ಸ್ಯಾಪ್ ಸಂದೇಶವನ್ನಲ್ಲ.

ಪಟ್ಟಿಯಲ್ಲಿ ಇರುವುದು ಬೋಧನಾ ಶುಲ್ಕ. ಹಾಸ್ಟೆಲ್, ಮೆಸ್, ವಿಶ್ವವಿದ್ಯಾಲಯದ ನೋಂದಣಿ, ಪರೀಕ್ಷಾ ಶುಲ್ಕ, ಪುಸ್ತಕ ಅದರ ಹೊರಗೆ. ಕಾಲೇಜಿನವರನ್ನು ಎರಡು ಪ್ರಶ್ನೆ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಶುಲ್ಕ ನಾಲ್ಕೂವರೆ ವರ್ಷಕ್ಕೋ ಐದು ವರ್ಷಕ್ಕೋ? ಇಂಟರ್ನ್‌ಶಿಪ್‌ನಲ್ಲಿ ಕೈಗೆ ಸಿಗುವ ಸ್ಟೈಪೆಂಡ್ ಎಷ್ಟು? 12 ಲಕ್ಷದ ಸೀಟಿನಲ್ಲಿ ಮೊದಲನೆಯ ಉತ್ತರ ಒಂದರಿಂದಲೇ ಆರು ಲಕ್ಷ ಅತ್ತಿತ್ತ ಆಗುತ್ತದೆ. ಎರಡನೆಯದಕ್ಕೆ ಉತ್ತರ ಕಾಲೇಜಿನವರಿಗಿಂತ ಅಲ್ಲಿ ಈಗ ಇಂಟರ್ನ್‌ಶಿಪ್ ಮಾಡುತ್ತಿರುವವರ ಹತ್ತಿರ ಸರಿಯಾಗಿ ಸಿಗುತ್ತದೆ.

ಈಗ ಉದಾಹರಣೆಗೆ ಬರೋಣ. ಹುಡುಗಿಗೆ ಸಿಗಬಹುದಾದ ಎರಡು ಸೀಟುಗಳನ್ನು ಹೋಲಿಸೋಣ. ಒಂದು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ: ಶುಲ್ಕ ಸುಮಾರು 7 ಲಕ್ಷ, ಐದೂವರೆ ವರ್ಷದ ಊಟ-ವಸತಿ-ಇತರೆ 10 ಲಕ್ಷ, ಒಟ್ಟು 17 ಲಕ್ಷ. ಇನ್ನೊಂದು ವರ್ಷಕ್ಕೆ 11 ಲಕ್ಷದ ಖಾಸಗಿ ಕೋಟಾ: ಶುಲ್ಕ 50 ಲಕ್ಷ, ಮೇಲೆ ಅದೇ 10 ಲಕ್ಷ, ಒಟ್ಟು 60 ಲಕ್ಷ. ಮೊದಲನೆಯದರಲ್ಲಿ ಮನೆಯ ಹಣ ಪೂರ್ತಿ ಖಾಲಿಯಾಗದಿರಲೆಂದು 7.5 ಲಕ್ಷ ಸಾಲ. ಎರಡನೆಯದರಲ್ಲಿ ಮನೆಯ 20 ಲಕ್ಷ ಹಾಕಿಯೂ 40 ಲಕ್ಷ ಸಾಲ.

ಹೆಜ್ಜೆ 3: ಸಾಲದ ಕಂತು ಯಾವ ತಿಂಗಳಿಂದ?

ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ಅದರ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಕೇಳಿ ನೆಮ್ಮದಿಯಾಗುವವರು ಹೆಚ್ಚು. ಆದರೆ ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಅವಧಿ ಮುಗಿದ ದಿನ ಅದು ಅಸಲಿಗೆ ಸೇರಿಕೊಳ್ಳುತ್ತದೆ.

40 ಲಕ್ಷದ ಸಾಲವನ್ನು ವರ್ಷಕ್ಕೆ 8 ಲಕ್ಷದಂತೆ ಐದು ಸಲ ತೆಗೆದುಕೊಂಡಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಐದೂವರೆ ವರ್ಷದ ಓದು, ಒಂದು ವರ್ಷದ ರಿಯಾಯಿತಿ, ಒಟ್ಟು ಆರೂವರೆ ವರ್ಷ. ಮೊದಲ 8 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ಐದೂವರೆ ವರ್ಷದ್ದು, ಹೀಗೆ ಸಾಧಾರಣ ಬಡ್ಡಿಯಲ್ಲಿ ಕೂಡಿದರೂ 18 ಲಕ್ಷ. ಅಂದರೆ 2033ರ ಮಾರ್ಚಿನಲ್ಲಿ ಸಾಲ 58 ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 76,600 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೂ 62,300.

ಈಗ 2033ರ ಮಾರ್ಚ್ ಎಂಬ ದಿನಾಂಕವನ್ನು ಮೊದಲು ಬರೆದ ಸಾಲಿನಲ್ಲಿ ಹುಡುಕಿ. ಹುಡುಗಿ ಎಂಡಿಗೆ ಸೇರಿ ಮೂರು-ನಾಲ್ಕು ತಿಂಗಳಾಗಿರುತ್ತದೆ. ಪಿಜಿ ಸ್ಟೈಪೆಂಡ್ ತಿಂಗಳಿಗೆ 55 ಸಾವಿರ ಎಂದು ಹಿಡಿಯೋಣ. ಕಂತು ಅದಕ್ಕಿಂತ 21 ಸಾವಿರ ಹೆಚ್ಚು, ಅವಳು ಒಂದು ಹೊತ್ತಿನ ಊಟ ಮಾಡುವ ಮುನ್ನವೇ. ಹೀಗಾಗಿ ಸಾಲ ಅವಳನ್ನು ಎಂಬಿಬಿಎಸ್‌ಗೆ ತಲುಪಿಸಿ ಎಂಡಿಯ ಬಾಗಿಲಲ್ಲಿ ನಿಲ್ಲಿಸುತ್ತದೆ. ರ್‍ಯಾಂಕ್ ಬಂದರೂ ಸೇರಲಾಗದೆ ಡ್ಯೂಟಿ ಡಾಕ್ಟರ್ ಕೆಲಸಕ್ಕೆ ಹೋಗುವವರ ಕಷ್ಟದ ಬೇರು ಇದೇ.

ಇನ್ನೊಂದು ಸೀಟಿನ 7.5 ಲಕ್ಷದ ಸಾಲವನ್ನೂ ಇದೇ ರೀತಿ ಲೆಕ್ಕ ಹಾಕಿದರೆ 2033ಕ್ಕೆ ಅದು ಸುಮಾರು 10.9 ಲಕ್ಷ, ಹತ್ತು ವರ್ಷದ ಕಂತು 14,400. 55 ಸಾವಿರದಲ್ಲಿ ಇದನ್ನು ಕಟ್ಟಿ ಊಟ-ಬಾಡಿಗೆ ನೋಡಿಕೊಂಡು ಸ್ವಲ್ಪ ಉಳಿಯಲೂಬಹುದು.

ದೊಡ್ಡ ಸಾಲ ಅನಿವಾರ್ಯವಾದರೆ ಮಾಡಬಹುದಾದ ಕೆಲಸಗಳು ಎರಡು. ಒಂದು, ಓದುವಾಗಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತ ಬರುವುದು. ನಮ್ಮ ಉದಾಹರಣೆಯಲ್ಲಿ ಅದು ಮೊದಲ ವರ್ಷ ತಿಂಗಳಿಗೆ 6,700, ಐದನೇ ವರ್ಷಕ್ಕೆ 33,300. ಹೀಗೆ ಮಾಡಿದರೆ 2033ರಲ್ಲಿ ಸಾಲ 40 ಲಕ್ಷದಲ್ಲೇ ನಿಂತಿರುತ್ತದೆ. ಹದಿನೈದು ವರ್ಷದ ಕಂತು ಸುಮಾರು 43 ಸಾವಿರ. ಸ್ಟೈಪೆಂಡಿಗಿಂತ ಕಡಿಮೆ, ಆದರೂ ಬಿಗಿ. ಎರಡನೆಯದು, ಪಿಜಿಗೆ ಸೇರಿದರೆ ಕಂತನ್ನು ಮುಂದೂಡುತ್ತೀರಾ ಎಂದು ಸಾಲ ಪಡೆಯುವಾಗಲೇ ಬ್ಯಾಂಕನ್ನು ಕೇಳಿ, ಮಂಜೂರಾತಿ ಪತ್ರದಲ್ಲಿ ಏನಿದೆ ಎಂದು ಓದುವುದು. ಇದು ತಾನಾಗಿ ಆಗುವುದಿಲ್ಲ. ಪಿಜಿ ಪ್ರವೇಶ ಪತ್ರದೊಂದಿಗೆ, ಮೊದಲ ಕಂತಿನ ದಿನಕ್ಕೆ ಮುಂಚೆ ಅರ್ಜಿ ಕೊಡಬೇಕು. ಒಂದೆರಡು ಕಂತು ತಪ್ಪಿದ ಮೇಲೆ ಕೇಳಿದರೆ ಸಿಬಿಲ್ ದಾಖಲೆ ಅಷ್ಟರಲ್ಲಿ ಕೆಟ್ಟಿರುತ್ತದೆ. ಮುಂದೆ ಕ್ಲಿನಿಕ್‌ಗೋ ಯಂತ್ರಕ್ಕೋ ಸಾಲ ಬೇಕಾದಾಗ ಅದು ಅಡ್ಡ ಬರುತ್ತದೆ. ಮುಂದೂಡುವುದಕ್ಕೂ ಬೆಲೆ ಇದೆ. 58 ಲಕ್ಷಕ್ಕೆ ಇನ್ನೂ ಮೂರು ವರ್ಷದ ಬಡ್ಡಿ ಸೇರಿದರೆ 75 ಲಕ್ಷ ದಾಟುತ್ತದೆ, ಹತ್ತು ವರ್ಷದ ಕಂತು ಒಂದು ಲಕ್ಷದ ಹತ್ತಿರ. ಅದೇ ಹೊತ್ತಿಗೆ ತಂದೆಯ ನಿವೃತ್ತಿ.

ಸಾಲ ಎಷ್ಟಿರಬೇಕು ಎಂಬುದಕ್ಕೆ ನಮ್ಮ ಅಳತೆ ಇದು: ಎಂಬಿಬಿಎಸ್ ಸಾಲದ ಕಂತು ಪಿಜಿ ಸ್ಟೈಪೆಂಡಿನ ಮೂರನೇ ಒಂದು ಭಾಗ ಮೀರಬಾರದು. ಮೀರಿದರೆ ಎಂಡಿಗೆ ಮೊದಲು ಕೆಲವು ವರ್ಷ ದುಡಿಯುವ ಯೋಜನೆಯನ್ನು ಈಗಲೇ ಒಪ್ಪಿಕೊಂಡು ಸೇರಬೇಕು. ಅದೂ ಕೆಟ್ಟ ದಾರಿಯಲ್ಲ, ಗೊತ್ತಿದ್ದು ಹಿಡಿದರೆ. ಇನ್ನು ಜಮೀನು ಅಡವಿಡುವ ಮಾತು. ಅಡವಿಲ್ಲದೆ ಬ್ಯಾಂಕುಗಳು ಕೊಡುವ ಮೊತ್ತ ಸಾಮಾನ್ಯವಾಗಿ 7.5 ಲಕ್ಷದವರೆಗೆ. ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡವು, ಜಾಮೀನು ಇಲ್ಲದ ಸಾಲವಿದೆ, ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿ. ಉಳಿದಂತೆ ದೊಡ್ಡ ಸಾಲಕ್ಕೆ ಹೊಲ-ಮನೆ ಇಡಬೇಕಾಗುತ್ತದೆ. ಇರುವ ಒಂದೇ ಮನೆಯನ್ನು ಇಟ್ಟರೆ ತಮ್ಮನ ಓದಿಗೆ ಇಡಲು ಏನೂ ಉಳಿಯುವುದಿಲ್ಲ ಎಂಬುದನ್ನೂ ಬರೆದುಕೊಳ್ಳಿ.

ಹೆಜ್ಜೆ 4: ಇನ್ನೊಂದು ವರ್ಷ ನೀಟ್ ಬರೆಯಬೇಕೇ?

ಎರಡು ಸೀಟುಗಳ ನಡುವಿನ ಅಂತರ ಶುಲ್ಕದಲ್ಲೇ 43 ಲಕ್ಷ. ಒಂದು ವರ್ಷದ ಕೋಚಿಂಗ್, ಹಾಸ್ಟೆಲ್ ಸೇರಿ 2-3 ಲಕ್ಷ. ಹಣದ ಲೆಕ್ಕ ಒಂದು ಪ್ರಯತ್ನದ ಪರವಾಗಿಯೇ ಇದೆ. ಪ್ರಶ್ನೆ ಇರುವುದು ಅಂಕ ಏರುತ್ತದೆಯೇ ಎಂಬುದರಲ್ಲಿ. ಅದನ್ನು ಹುಮ್ಮಸ್ಸಿನಿಂದ ಅಳೆಯಬೇಡಿ, ಓಎಂಆರ್ ಹಾಳೆಯಿಂದ ಅಳೆಯಿರಿ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಗೆ 4, ತಪ್ಪಿಗೆ ಮೈನಸ್ 1. ಅಧಿಕೃತ ಉತ್ತರ ಪಟ್ಟಿ ಇಟ್ಟುಕೊಂಡು ತಪ್ಪಾದ ಒಂದೊಂದು ಪ್ರಶ್ನೆಗೂ ಕಾರಣ ಬರೆಯಿರಿ: ಪಾಠವೇ ಓದಿರಲಿಲ್ಲ, ಓದಿದ್ದು ಮರೆತಿತ್ತು, ಸಮಯ ಸಾಲದೆ ಊಹೆ ಮಾಡಿದ್ದು, ಗೊತ್ತಿದ್ದೂ ತಪ್ಪು ಗುಂಡಿ ತುಂಬಿದ್ದು. ಹೆಚ್ಚಿನವು ಮೊದಲ ಗುಂಪಿನಲ್ಲಿದ್ದು, ಅದೂ ಭೌತಶಾಸ್ತ್ರದ ನಾಲ್ಕೈದು ಅಧ್ಯಾಯಗಳಲ್ಲೇ ಕೂಡಿಕೊಂಡಿದ್ದರೆ ಒಂದು ವರ್ಷದಲ್ಲಿ ಏರಲು ಜಾಗವಿದೆ. ಮೂರೂ ವಿಷಯಗಳಲ್ಲಿ ಹರಡಿಕೊಂಡು, ಎಲ್ಲ ಪಾಠ ಎರಡು ಸಲ ಓದಿಯೂ ಹಾಗೇ ಆಗಿದ್ದರೆ ಇನ್ನೊಂದು ವರ್ಷ ದೊಡ್ಡ ಬದಲಾವಣೆ ತರುವುದು ಕಷ್ಟ. ಆಮೇಲೆ ನಿಮ್ಮ ವರ್ಗದಲ್ಲಿ ಹಿಂದಿನ ಎರಡು ವರ್ಷ ಕೆಇಎ ಕೊನೆಯ ಸುತ್ತಿನಲ್ಲಿ ಸರ್ಕಾರಿ ಕೋಟಾ ಯಾವ ರ್‍ಯಾಂಕಿಗೆ ಮುಗಿಯಿತು ಎಂದು ನೋಡಿ. ಹೋಲಿಸಬೇಕಾದದ್ದು ರ್‍ಯಾಂಕನ್ನು. ಪ್ರಶ್ನೆಪತ್ರಿಕೆ ಸುಲಭವಾದ ವರ್ಷದ ಅಂಕಕ್ಕೂ ಕಠಿಣವಾದ ವರ್ಷದ ಅಂಕಕ್ಕೂ ಹೋಲಿಕೆಯೇ ಇಲ್ಲ.

ಒಂದು ಮರುಪ್ರಯತ್ನ ಸರಿ, ಎರಡನೆಯದಕ್ಕೆ ಗಟ್ಟಿ ಕಾರಣ ಬೇಕು, ಮೂರನೆಯದನ್ನು ನಾವು ಯಾರಿಗೂ ಹೇಳುವುದಿಲ್ಲ. ಮರುಪ್ರಯತ್ನದ ವರ್ಷ ಸಿಇಟಿಯನ್ನೂ ಬರೆಯಿರಿ. ಅದಕ್ಕಾಗಿಯೇ ಪಿಯುಸಿಯಲ್ಲಿ ಪಿಸಿಎಂಬಿ ಹಿಡಿದು ಗಣಿತ ಉಳಿಸಿಕೊಂಡವರಿಗೆ ಅನುಕೂಲ. ಎಂಜಿನಿಯರಿಂಗ್, ಮೂಲವಿಜ್ಞಾನ, ಕೃಷಿ, ಫಾರ್ಮಸಿ ಎಲ್ಲವೂ ತೆರೆದಿರುತ್ತವೆ. ‘ಡಾಕ್ಟರೇ ಆಗಬೇಕು, ಗಣಿತ ಯಾಕೆ’ ಎಂದು ಹದಿನಾರನೇ ವಯಸ್ಸಿಗೇ ಅದನ್ನು ಬಿಟ್ಟವರು ಮುಂದೆ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ.

ವಿದೇಶದಲ್ಲಿ ಕಡಿಮೆ ಶುಲ್ಕದ ಎಂಬಿಬಿಎಸ್ ಎಂಬ ಜಾಹೀರಾತು ಇದೇ ವಾರದಲ್ಲಿ ಬರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಆಮೇಲೆ ಇಲ್ಲಿ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150, ಮತ್ತೆ ಭಾರತದಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಸರಾಗವಾಗಿ ಹೋದರೂ ಇಲ್ಲಿಗಿಂತ ಒಂದು ವರ್ಷ ಹೆಚ್ಚು. ಎಫ್‌ಎಂಜಿಇಯಲ್ಲಿ ಒಂದೊಂದು ಸೋಲಿಗೂ ಆರು ತಿಂಗಳು. ಕಡಿಮೆ ಶುಲ್ಕದ ಉಳಿತಾಯದಿಂದ ಈ ತಿಂಗಳುಗಳನ್ನು ಕಳೆದು ನೋಡಿ.

ಹೆಜ್ಜೆ 5: ಆಪ್ಷನ್ ಎಂಟ್ರಿಯಲ್ಲಿ ಎಚ್ಚರ

ಕೆಇಎ ಕೌನ್ಸೆಲಿಂಗ್‌ನಲ್ಲಿ ಅತಿ ದುಬಾರಿ ತಪ್ಪು ಎಂದರೆ ಕಟ್ಟಲಾಗದ ಸೀಟನ್ನು ‘ಇರಲಿ’ ಎಂದು ಬೇಕಾದ ಸೀಟುಗಳನ್ನು ಕ್ರಮವಾಗಿ ನಮೂದಿಸುವ ಪಟ್ಟಿಯ ಕೊನೆಗೆ ಸೇರಿಸುವುದು. ಸಾಫ್ಟ್‌ವೇರಿಗೆ ನಿಮ್ಮ ಜೇಬು ಗೊತ್ತಿಲ್ಲ, ಪಟ್ಟಿಯಲ್ಲಿ ಇದೆಯೆಂದರೆ ಬೇಕು ಎಂದೇ ಅರ್ಥ. ಮೊದಲ ಸುತ್ತಿನಲ್ಲಿ ಹಿಂದೆ ಸರಿಯುವುದು ಸುಲಭ. ಸುತ್ತುಗಳು ಮುಂದುವರಿದಂತೆ ಠೇವಣಿ ಮುಟ್ಟುಗೋಲು, ದಂಡ, ಮುಂದಿನ ಸುತ್ತುಗಳಿಗೆ ನಿರ್ಬಂಧ ಎಂದು ಬಿಗಿಯಾಗುತ್ತದೆ. ಆದ್ದರಿಂದ ಪಟ್ಟಿಯ ಪ್ರತಿ ಸಾಲಿನ ಮುಂದೆ ಹೆಜ್ಜೆ 2ರಲ್ಲಿ ಲೆಕ್ಕ ಹಾಕಿದ ಪೂರ್ತಿ ಬೆಲೆ ಬರೆದು, ಮನೆಯವರು ಒಪ್ಪಿದ ಮಿತಿ ದಾಟಿದ್ದನ್ನು ಅಳಿಸಿ.

ಸೇರಿದ ಮೇಲೆ ಹೊರಬರುವ ಮಾತು. ಎಂಬಿಬಿಎಸ್‌ನಲ್ಲಿ ಎರಡು ವರ್ಷ ಓದಿ ಬಿಟ್ಟರೆ ಕೈಗೆ ಯಾವ ಪದವಿಯೂ ಸಿಗುವುದಿಲ್ಲ. ಮಧ್ಯೆ ಬಿಟ್ಟರೆ ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟಬೇಕೆಂಬ ಕರಾರು ಇರಬಹುದು, ಸಹಿ ಹಾಕುವ ಮೊದಲು ಓದಿ. ಓದು ತನಗೆ ಒಗ್ಗುವುದಿಲ್ಲ ಎಂಬ ಅನುಮಾನ ಗಟ್ಟಿಯಾಗಿದ್ದರೆ ಅದನ್ನು ಹೇಳಿಕೊಳ್ಳಲು ಅಗ್ಗದ ಸಮಯ ಕೌನ್ಸೆಲಿಂಗ್‌ಗೆ ಮುಂಚೆ. ಆಮೇಲಿನ ಸರಿಯಾದ ನಿರ್ಗಮನ ದ್ವಾರ ಪದವಿ ಮುಗಿದ ಮೇಲೆಯೇ.

ಹೆಜ್ಜೆ 6: ಓದುವಾಗ ವರ್ಷ ಕಳೆದುಹೋಗುವ ಜಾಗಗಳು

ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಲ್ಲಿ ಫೇಲಾಗುವುದು ಅಪರೂಪವಲ್ಲ. ಪೂರಕ ಪರೀಕ್ಷೆಯಲ್ಲಿ ಪಾಸಾದರೆ ಜೊತೆಯವರೊಂದಿಗೆ ಮುಂದುವರಿಯಬಹುದು. ಅದರಲ್ಲೂ ಹೋದರೆ ಕೆಳಗಿನ ಬ್ಯಾಚಿಗೆ ಇಳಿಯಬೇಕು. ಮೊದಲ ಹಂತಕ್ಕೆ ಒಟ್ಟು ನಾಲ್ಕು ಪ್ರಯತ್ನ, ಇಡೀ ಕೋರ್ಸಿಗೆ ಸೇರಿದ ದಿನದಿಂದ ಒಂಬತ್ತು ವರ್ಷ, ಇದು 2023ರ ನಿಯಮ. ಲಕ್ಷಣ ಬೇಗ ಕಾಣುತ್ತದೆ. ಮೊದಲ ಇಂಟರ್ನಲ್ಸ್‌ನಲ್ಲಿ ಮೂರೂ ವಿಷಯಗಳಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ವಾರ್ಷಿಕ ಪರೀಕ್ಷೆಯವರೆಗೆ ಕಾಯದೆ ಓದುವ ರೀತಿ ಬದಲಿಸಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಆರಂಭದ ತಿಂಗಳುಗಳಲ್ಲಿ ತೊಡಕಾಗುವುದು ಹೆಚ್ಚಾಗಿ ಉತ್ತರ ಬರೆಯುವ ವೇಗದಲ್ಲಿ. ದಿನಕ್ಕೊಂದು ಪ್ರಶ್ನೆಗೆ ಗಡಿಯಾರ ಇಟ್ಟು ಉತ್ತರ ಬರೆಯುವುದು ಪಾಠ ಮತ್ತೆ ಮತ್ತೆ ಓದುವುದಕ್ಕಿಂತ ಬೇಗ ಫಲ ಕೊಡುತ್ತದೆ.

ಹೆಚ್ಚು ಜನ ಗಮನಿಸದ ಜಾಗ ಇಂಟರ್ನ್‌ಶಿಪ್. ಒಂದು ವರ್ಷಕ್ಕೆ ಇರುವ ರಜೆ 15 ದಿನ. ಅದಕ್ಕಿಂತ ಹೆಚ್ಚು ಹಾಕಿದರೆ ಅಷ್ಟು ದಿನ ಇಂಟರ್ನ್‌ಶಿಪ್ ಮುಂದಕ್ಕೆ ಹೋಗುತ್ತದೆ. ನೀಟ್ ಪಿಜಿಗೆ ಕೂರಲು ಇಂಟರ್ನ್‌ಶಿಪ್ ಇಂಥ ದಿನದೊಳಗೆ ಮುಗಿದಿರಬೇಕು ಎಂದು ಪ್ರತಿ ವರ್ಷ ಒಂದು ದಿನಾಂಕ ಗೊತ್ತುಮಾಡುತ್ತಾರೆ. ಅಕ್ಕನ ಮದುವೆ, ಊರ ಜಾತ್ರೆ, ಪರೀಕ್ಷೆಗೆ ಓದಲೆಂದು ತಿಂಗಳು ಗೈರು ಎಂದು ನಲವತ್ತು ದಿನ ಜಾರಿದರೆ, ಆ ದಿನಾಂಕ ತಪ್ಪಿ ಒಂದು ಇಡೀ ವರ್ಷ ಹೋಗಬಹುದು. ಮುಖ್ಯ ಬ್ಯಾಚಿನವರಿಗೆ ಸಾಮಾನ್ಯವಾಗಿ ಆ ದಿನಾಂಕಕ್ಕೆ ಮುಂಚೆ ಸಾಕಷ್ಟು ದಿನ ಉಳಿದಿರುತ್ತವೆ. ಹಿಂದುಳಿದ ಬ್ಯಾಚಿನವರು ಮಾತ್ರ ರಜೆಯ ಒಂದೊಂದು ದಿನವನ್ನೂ ಎಣಿಸಬೇಕು.

ಇಂಟರ್ನ್‌ಶಿಪ್ ಮುಗಿದ ಕೂಡಲೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿ ಮಾಡಿಸಿ. ಅದಿಲ್ಲದೆ ಡ್ಯೂಟಿ ಡಾಕ್ಟರ್ ಕೆಲಸವೂ ಇಲ್ಲ, ಪಿಜಿ ಪ್ರವೇಶವೂ ಇಲ್ಲ. ರಾಜ್ಯದ ಕಡ್ಡಾಯ ಸೇವೆಯ 2012ರ ಕಾಯ್ದೆ ಹಾಗೂ ಅದರ ತಿದ್ದುಪಡಿಗಳನ್ನೂ ಆ ಹೊತ್ತಿಗೆ ನೋಡಿಕೊಳ್ಳಿ. ಖಾಲಿ ಹುದ್ದೆಗಳಿಗೆ ತಕ್ಕಂತೆ ಕರೆಯುವ ವ್ಯವಸ್ಥೆ ಈಚಿನದು. ಕರೆ ಬಂದರೆ ಒಂದು ವರ್ಷ ಸಂಬಳದ ಕೆಲಸ. ತಪ್ಪಿಸಿದರೆ ಲಕ್ಷಗಟ್ಟಲೆ ದಂಡ. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಬಿಟ್ಟಿರಿ.

ಹೆಜ್ಜೆ 7: 23ರಲ್ಲಿ ನಿಂತು ನೋಡುವ ಕವಲು

2032ರ ಮಾರ್ಚಿನಲ್ಲಿ ನಮ್ಮ ಹುಡುಗಿಯ ಕೈಯಲ್ಲಿ ಪದವಿ ಇದೆ. ಪರೀಕ್ಷೆಗೆ ಐದು ತಿಂಗಳಿದೆ. ಎಲ್ಲರೂ ಹೇಳುವುದು, ಕೆಲಸ ಬೇಡ, ಓದು. ಸಾಲ ಸಣ್ಣದಿದ್ದರೆ ಒಪ್ಪಬಹುದಾದ ಮಾತು. ಮೊದಲ ಪ್ರಯತ್ನದಲ್ಲಿ ಬೇಕಾದ್ದು ಸಿಗದೆ ಎರಡನೆಯದಕ್ಕೆ ಕೂರುವಾಗ ಮಾತ್ರ ಹಾಗೆ ಮಾಡಬೇಡಿ. ವಾರಕ್ಕೆ ಎರಡು ರಾತ್ರಿ ಪಾಳಿಯೋ ಸಂಜೆಯ ಕ್ಲಿನಿಕ್ಕೋ ಹಿಡಿಯಿರಿ. ಬಡ್ಡಿ ಕಟ್ಟಲು ಹಣ ಬರುತ್ತದೆ, ಕೈಚಳಕ ಉಳಿಯುತ್ತದೆ, ಮುಖ್ಯವಾಗಿ ಎರಡು ವರ್ಷ ಬರೀ ಕೋಣೆಯಲ್ಲಿ ಕೂತವರಲ್ಲಿ ಕಾಣುವ ಕುಗ್ಗು ಬರುವುದಿಲ್ಲ.

ಎಂಬಿಬಿಎಸ್ ಒಂದರಿಂದಲೇ ತೆರೆಯುವ ಬಾಗಿಲುಗಳಿಗೆ ವಯಸ್ಸಿನ ಬೀಗವಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಯುಪಿಎಸ್‌ಸಿಯ ಕಂಬೈನ್ಡ್ ಮೆಡಿಕಲ್ ಸರ್ವಿಸಸ್ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ ಮಿತಿ ಹೆಚ್ಚಿನ ಹುದ್ದೆಗಳಲ್ಲಿ 32, ಕೇಂದ್ರ ಆರೋಗ್ಯ ಸೇವೆಗೆ 35. ರೈಲ್ವೆ, ಕೇಂದ್ರ ಆರೋಗ್ಯ ಸೇವೆಯ ಹುದ್ದೆಗಳು ಇದರಿಂದ ಸಿಗುತ್ತವೆ. ನೀಟ್ ಪಿಜಿಗೆ ಓದಿದ್ದರ ಬಹುಪಾಲು ಇದಕ್ಕೂ ಆಗುತ್ತದೆ. ಹೆಚ್ಚಿನ ಖರ್ಚು ಅರ್ಜಿ ಶುಲ್ಕ ಮಾತ್ರ, ಆದರೂ ಬರೆಯದೆ ಬಿಡುವವರೇ ಜಾಸ್ತಿ. ರಾಜ್ಯ ಸರ್ಕಾರದ ವೈದ್ಯಾಧಿಕಾರಿ ಹುದ್ದೆ ಸಿಕ್ಕರೆ, ನಿಗದಿತ ವರ್ಷ ಸೇವೆ ಮಾಡಿದವರಿಗೆ ಪಿಜಿಯಲ್ಲಿ ಸೇವಾನಿರತರ ಕೋಟಾ ಇದೆ. ದೊಡ್ಡ ಸಾಲ ಹೊತ್ತವರಿಗೆ ಇದು ನಾವು ಮೊದಲು ಸೂಚಿಸುವ ದಾರಿ: ಸಂಬಳದಿಂದ ಸಾಲ ಇಳಿಯುತ್ತದೆ, ಎಂಡಿಯ ಬಾಗಿಲೂ ತೆರೆದಿರುತ್ತದೆ. ಅಮೆರಿಕ ಅಥವಾ ಬ್ರಿಟನ್ ಮನಸ್ಸಿನಲ್ಲಿದ್ದರೆ ಅದನ್ನು ಅಂತಿಮ ವರ್ಷಕ್ಕೆ ಮೊದಲೇ ಗಟ್ಟಿ ಮಾಡಬೇಕು. ಆ ಪರೀಕ್ಷೆಗಳ ತಯಾರಿಯೂ ನೀಟ್ ಪಿಜಿ ತಯಾರಿಯೂ ಒಟ್ಟಿಗೆ ಸಾಗುವುದಿಲ್ಲ, ಎರಡಕ್ಕೂ ಕೈ ಹಾಕಿದವರು ಎರಡರಲ್ಲೂ ಅರ್ಧಕ್ಕೆ ನಿಲ್ಲುತ್ತಾರೆ.

ಹೆಜ್ಜೆ 8: ವಿಭಾಗದ ಆಯ್ಕೆಯಲ್ಲಿ ಗಳಿಕೆ ಎಂದು ಶುರು ಎಂಬ ಪ್ರಶ್ನೆ

ರ್‍ಯಾಂಕ್ ಪಟ್ಟಿ ನೋಡಿ ‘ಟಾಪ್ ಬ್ರಾಂಚ್’ ಹಿಡಿಯುವುದು ರೂಢಿ. ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಪದವಿ ಮುಗಿದ ಮಾರನೆಯ ದಿನ ಈ ವಿಭಾಗದವರು ಏನು ಹೂಡಿ, ಯಾರನ್ನು ನಂಬಿ ದುಡಿಯಬೇಕು? ಅರಿವಳಿಕೆ ತಜ್ಞರಿಗೆ ಸ್ವಂತ ಆಸ್ಪತ್ರೆ ಬೇಕಿಲ್ಲ, ತಾಲ್ಲೂಕು ಕೇಂದ್ರದ ನಾಲ್ಕು ನರ್ಸಿಂಗ್ ಹೋಮ್‌ಗಳಿಗೆ ಕರೆದಾಗ ಹೋದರೂ ಗಳಿಕೆ ಮೊದಲ ತಿಂಗಳೇ ಶುರು. ಮಕ್ಕಳ ವೈದ್ಯರು, ಜನರಲ್ ಮೆಡಿಸಿನ್‌ನವರು ಸಣ್ಣ ಕೋಣೆಯಲ್ಲಿ ಒಪಿಡಿ ಇಡಬಹುದು. ಸರ್ಜರಿಗೆ ಥಿಯೇಟರ್ ಬೇಕು, ರೋಗಿ ಕಳಿಸುವ ವೈದ್ಯರ ಪರಿಚಯ ಬೇಕು, ಮೇಲಾಗಿ ಈಗ ಬಹಳಷ್ಟು ಮಂದಿ ಎಂಎಸ್ ಆದ ಮೇಲೂ ಎಂಸಿಎಚ್ ಇಲ್ಲದೆ ನಿಲ್ಲಲಾಗದು ಎಂದು ಮುಂದೆ ಓದುತ್ತಾರೆ, ಅದಕ್ಕೆ ಮೂರು ವರ್ಷ. ರೇಡಿಯಾಲಜಿ ಓದಿದವರಿಗೆ ಸಂಬಳದ ಕೆಲಸ ಬೇಗ ಸಿಗುತ್ತದೆ. ಸ್ವಂತ ಸ್ಕ್ಯಾನಿಂಗ್ ಕೇಂದ್ರಕ್ಕೆ ಯಂತ್ರದ ಸಾಲ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಎರಡೂ ಬೇಕು.

ಖಾಸಗಿ ಕಾಲೇಜಿನ ಪಿಜಿ ಕ್ಲಿನಿಕಲ್ ಸೀಟು ಸರ್ಕಾರಿ ಕೋಟಾದಲ್ಲೂ ವರ್ಷಕ್ಕೆ ಹಲವು ಲಕ್ಷ. ಅದರ ಪಕ್ಕದಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ, ಅಂದರೆ ಎನ್‌ಬಿಇ ಕೊಡುವ ಡಿಎನ್‌ಬಿ ನೋಡಿ. ಎಂಡಿಗೆ ಸಮಾನ ಮಾನ್ಯತೆಯ ಮೂರು ವರ್ಷದ ತರಬೇತಿ, ವಾರ್ಷಿಕ ಶುಲ್ಕ ಒಂದೂಕಾಲು ಲಕ್ಷದ ಆಸುಪಾಸು, ಸ್ಟೈಪೆಂಡ್ ಉಂಟು. ತೊಡಕು ಕೊನೆಯಲ್ಲಿದೆ: ಅಂತಿಮ ಪರೀಕ್ಷೆ ಕಠಿಣ, ಪ್ರಬಂಧ ಒಪ್ಪಿತವಾಗದೆ ಫಲಿತಾಂಶ ಪೂರ್ಣವಾಗದು, ಹೆಚ್ಚು ರಜೆ ಹಾಕಿದರೆ ತರಬೇತಿ ಉದ್ದವಾಗುತ್ತದೆ. ಸೇರುವ ಮುನ್ನ ಆ ಆಸ್ಪತ್ರೆಯ ಹಿಂದಿನ ಮೂರು ಬ್ಯಾಚಿನಲ್ಲಿ ಮೊದಲ ಸಲಕ್ಕೆ ಎಷ್ಟು ಮಂದಿ ಪಾಸಾದರು ಎಂದು ಅಲ್ಲಿನ ಈಗಿನ ರೆಸಿಡೆಂಟರಿಂದ ತಿಳಿಯಿರಿ. ಕುಟುಂಬ ವೈದ್ಯಕೀಯ ಸೇರಿದಂತೆ ಕೆಲವು ವಿಷಯಗಳಲ್ಲಿ ಎರಡು ವರ್ಷದ ಎನ್‌ಬಿಇ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ಅದೇ ವಿಷಯದಲ್ಲಿ ಇನ್ನೆರಡು ವರ್ಷಕ್ಕೆ ಡಿಎನ್‌ಬಿ ಮಾಡುವ ದಾರಿಯೂ ಉಂಟು. ನಡುವೆ ದುಡಿದು ಸಾಲ ಇಳಿಸಬೇಕಾದವರಿಗೆ ಇದು ಒಗ್ಗುತ್ತದೆ.

ಪಿಜಿ ಸೀಟು ಬಿಟ್ಟರೆ ಕಟ್ಟಬೇಕಾದ ಬಾಂಡ್ ಮೊತ್ತವನ್ನು ಸಹಿಗೆ ಮುಂಚೆ ನೋಡಿ. ‘ಸದ್ಯ ಸೇರಿಕೊಳ್ಳೋಣ, ಮುಂದಿನ ವರ್ಷ ಒಳ್ಳೆಯದು ಬಂದರೆ ಬಿಡೋಣ’ ಎಂಬ ಯೋಜನೆ ಮುರಿಯುವುದು ಅಲ್ಲಿಯೇ. ಪಿಜಿ ಅವಧಿಯಲ್ಲಿ ಹೆರಿಗೆ ರಜೆ ಪಡೆದರೆ ಹಾಜರಾತಿ ಕಡಿಮೆ ಬಿದ್ದಷ್ಟು ಅವಧಿ ಮುಂದಕ್ಕೆ ಹೋಗುತ್ತದೆ, ಪರೀಕ್ಷೆ ಒಂದು ಸರದಿ ತಪ್ಪಬಹುದು. ಮದುವೆಯ ಮಾತುಕತೆಯಲ್ಲಿ ಎರಡೂ ಮನೆಯವರ ಮುಂದೆ ಇಡಬೇಕಾದ ವಿಷಯ ಇದು, ಹುಡುಗಿಯೊಬ್ಬಳೇ ಹೊರಬೇಕಾದ ಲೆಕ್ಕವಲ್ಲ.

ಎಂಡಿ ಮುಗಿದ ಮೇಲಿನ ಒಂದು ವರ್ಷದ ಸೀನಿಯರ್ ರೆಸಿಡೆನ್ಸಿಯನ್ನು ಹಲವರು ಬಿಟ್ಟುಬಿಡುತ್ತಾರೆ, ಖಾಸಗಿ ಆಸ್ಪತ್ರೆ ಹೆಚ್ಚು ಕೊಡುತ್ತದೆಂದು. ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಅದು ಬೇಕು. ಮೂವತ್ತೈದರಲ್ಲಿ ಮನೆ, ಮಕ್ಕಳ ಶಾಲೆ, ಕ್ಲಿನಿಕ್ ಎಲ್ಲ ಬಿಟ್ಟು ಆ ಒಂದು ವರ್ಷ ಮಾಡಲು ಹೊರಡುವುದು ಬಹಳ ಕಷ್ಟ, 27ರಲ್ಲಿ ಸುಲಭ. ನಮ್ಮ ಹುಡುಗಿಗೆ 2036 ಪೂರ್ತಿ ಅದಕ್ಕೆ ಸಾಕು. ಸಂಬಳ ಬರುತ್ತದೆ, ಬೋಧನೆಯ ದಾರಿ ತೆರೆದಿರುತ್ತದೆ, ಸೂಪರ್ ಸ್ಪೆಷಾಲಿಟಿಯ ನೀಟ್ ಎಸ್‌ಎಸ್‌ಗೆ ಓದಲೂ ಅವಕಾಶ. ಡಿಎಂ ಬೇಕೇ ಎಂಬ ತೀರ್ಮಾನವನ್ನು ಆ ವರ್ಷದ ಕೊನೆಗೆ ಇಟ್ಟುಕೊಳ್ಳಲಿ. ಅಷ್ಟರಲ್ಲಿ ತಂದೆಯ ಪಿಂಚಣಿ ಮೊತ್ತ ಗೊತ್ತಾಗಿರುತ್ತದೆ, ತಮ್ಮ ಕೆಲಸಕ್ಕೆ ಸೇರಿದ್ದಾನೋ ಇಲ್ಲವೋ ತಿಳಿದಿರುತ್ತದೆ, ಸಾಲದಲ್ಲಿ ಉಳಿದದ್ದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುತ್ತದೆ.